ಸುಟ್ಟ ಮೋಟರಿನ ಮೂರು ಫೋಟೋ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮಪ್ಪನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಡಿಪ್ಲೊಮಾ ಇ ಆ್ಯಂಡ್ ಇ, ಅಂದರೆ ಎಲೆಕ್ಟ್ರಿಕಲ್ ಆ್ಯಂಡ್ ಎಲೆಕ್ಟ್ರಾನಿಕ್ಸ್, ಮುಗಿಸಿದ ಮೇಲೆ ಕೆಲಸ ಸಿಗುವವರೆಗೆ ಅಂತ ಅಲ್ಲಿ ಕೂತವಳು ಮೂರು ವರ್ಷ ಕೂತೆ. ಕಾಲುವೆಗೆ ನೀರು ನಿಂತ ಮೇಲೆ ರೈತರ ಬೋರ್‌ವೆಲ್ ಮೋಟರ್ ಸಾಲುಗಟ್ಟಿ ಬರುತ್ತವೆ. ಉಳಿದ ದಿನಗಳಲ್ಲಿ ಅಕ್ಕಿ ಗಿರಣಿ, ಕ್ರಷರ್, ಮುಂಡರಗಿ ಇಂಡಸ್ಟ್ರಿಯಲ್ ಏರಿಯಾದ ಸಣ್ಣ ಕಾರ್ಖಾನೆಗಳ ಮೋಟರ್. ಸುಟ್ಟ ತಂತಿ ಕೀಳೋದು, ಸುತ್ತು ಎಣಿಸೋದು, ಹೊಸ ಕಾಯಿಲ್ ಕೂರಿಸೋದು, ವಾರ್ನಿಷ್ ಹಾಕಿ ಒಣಗಿಸೋದು. ಇದನ್ನು ರೆಸ್ಯೂಮೆಯಲ್ಲಿ ಹೇಗೆ ಬರೆಯಬೇಕು ಅಂತಲೇ ನನಗೆ ಗೊತ್ತಿರಲಿಲ್ಲ. ಹಾಗಾಗಿ ಬರೆದೇ ಇರಲಿಲ್ಲ.

ಮೊದಲ ಉದ್ಯೋಗ ಮೇಳಕ್ಕೆ 25 ಪ್ರತಿ ರೆಸ್ಯೂಮೆ ಜೆರಾಕ್ಸ್ ಮಾಡಿಸಿಕೊಂಡು ಹೋದೆ. ಸಂಜೆಗೆ ಎರಡು ಉಳಿದಿದ್ದವು. ಅಂದರೆ 23 ಟೇಬಲ್‌ಗೆ ಕೊಟ್ಟಿದ್ದೆ. ವಿಮೆ, ಮೈಕ್ರೋಫೈನಾನ್ಸ್, ಹೊಸೂರಿನ ಅಸೆಂಬ್ಲಿ ಲೈನ್, ಟೆಲಿಕಾಲರ್, ಯಾವುದನ್ನೂ ಬಿಡಲಿಲ್ಲ. ಎಲ್ಲ ಕಡೆಯೂ ನನ್ನ ಮಾತು ಒಂದೇ: "ಗುಡ್ ಮಾರ್ನಿಂಗ್ ಸರ್, ನಾನು ಡಿಪ್ಲೊಮಾ ಮುಗಿಸಿದ್ದೀನಿ. ಯಾವ ಕೆಲಸ ಆದ್ರೂ ಪರವಾಗಿಲ್ಲ." ಅವರೂ ಒಂದೇ ಉತ್ತರ ಕೊಟ್ಟರು, "ಇಟ್ಟು ಹೋಗಮ್ಮ, ಕಾಲ್ ಮಾಡ್ತೀವಿ." ಒಬ್ಬರೂ ಮಾಡಲಿಲ್ಲ. ಆಮೇಲೆ ಯೋಚಿಸಿದಾಗ ಅವರದ್ದೇನೂ ತಪ್ಪು ಕಾಣಲಿಲ್ಲ. ಯಾವ ಕೆಲಸ ಆದ್ರೂ ಸರಿ ಅನ್ನೋರನ್ನು ಯಾವ ಕೆಲಸಕ್ಕೆ ಅಂತ ನೆನಪಿಟ್ಟುಕೊಳ್ಳಬೇಕು?

ಆ ದಿನ ಒಂದು ವಿಷಯ ಮಾತ್ರ ಗಮನಿಸಿದ್ದೆ. ಕಾರ್ಖಾನೆಗಳ ಟೇಬಲ್‌ನಲ್ಲಿ ಸಾಮಾನ್ಯವಾಗಿ ಇಬ್ಬರು ಇರುತ್ತಾರೆ. ಮುಂದೆ ಎಚ್‌ಆರ್, ಮಾತೆಲ್ಲ ಅವರದೇ. ಹಿಂದಿನ ಕುರ್ಚಿಯಲ್ಲಿ ಇನ್ನೊಬ್ಬರು ಸುಮ್ನೆ ಫೋನ್ ನೋಡುತ್ತಾ ಕೂತಿರುತ್ತಾರೆ. ಕಾಲಲ್ಲಿ ಸೇಫ್ಟಿ ಶೂ, ಜೇಬಿನಲ್ಲಿ ಸಣ್ಣ ಡೈರಿ. ಅವರು ಮೇಂಟೆನೆನ್ಸ್‌ನವರೋ ಪ್ರೊಡಕ್ಷನ್‌ನವರೋ ಆಗಿರುತ್ತಾರೆ, ಬಲವಂತಕ್ಕೆ ಬಂದಿರುತ್ತಾರೆ. ಅವರ ಹತ್ತಿರ ಯಾರೂ ಹೋಗೋದಿಲ್ಲ. ನಾನೂ ಹೋಗಿರಲಿಲ್ಲ.

ಎಂಟು ತಿಂಗಳ ನಂತರ ಇನ್ನೊಂದು ಮೇಳ ಬಂತು. ಈ ಸಲ ಎರಡು ಪರಿಚಯ ತಯಾರು ಮಾಡಿಕೊಂಡೆ, ಒಂದು ಎಚ್‌ಆರ್‌ಗೆ, ಒಂದು ಹಿಂದಿನ ಕುರ್ಚಿಗೆ.

ಎಚ್‌ಆರ್‌ನವರ ಮುಂದೆ ಒಂದು ಹಾಳೆ ಇರುತ್ತದೆ, ಅದರಲ್ಲಿ ಕಾಲಂ ಇರುತ್ತವೆ. ಆ ಕಾಲಂ ತುಂಬಲು ಬೇಕಾದಷ್ಟೇ ಹೇಳಬೇಕು: ಹೆಸರು, ಡಿಪ್ಲೊಮಾ ಇ ಆ್ಯಂಡ್ ಇ, ಪಾಸಾದ ವರ್ಷ, ಮೂರು ವರ್ಷ ಮೋಟರ್ ರಿಪೇರಿ ಅನುಭವ, ತೋರಣಗಲ್ಲಿನಿಂದ ಕೊಪ್ಪಳದವರೆಗೆ ಎಲ್ಲಿಗಾದರೂ ಬರುತ್ತೇನೆ, 15 ದಿನದಲ್ಲಿ ಸೇರಬಹುದು. ಹದಿನೈದು ಸೆಕೆಂಡ್ ಸಾಕು. ಇಲ್ಲಿ ಮೋಟರ್ ಕಥೆ ಹೇಳಿದರೆ ಹಿಂದಿನ ಸಾಲು ಗೊಣಗುತ್ತದೆ, ಎಚ್‌ಆರ್‌ಗೂ ಬೇಡ.

ಎರಡನೆಯದಕ್ಕೆ ಜಾಸ್ತಿ ಕಷ್ಟಪಟ್ಟೆ. ಅಂಗಡಿಯಲ್ಲಿ ಅಪ್ಪನ ಮುಂದೆ ಹೇಳಿ ನೋಡಿದೆ. ಮೊದಲ ಸಲ ಒಂದೂವರೆ ನಿಮಿಷ ಆಯಿತು. ಅಪ್ಪ ಸುತ್ತು ಎಣಿಸುತ್ತಿದ್ದವರು ತಲೆ ಎತ್ತದೆ, "ಗಿರಾಕಿ ಇಷ್ಟು ಮಾತಾಡಿದ್ರೆ ನಾನು ಲೆಕ್ಕ ತಪ್ಪೋಯ್ತು ಅಂತ ಬಯ್ತೀನಿ" ಅಂದರು. ಕತ್ತರಿಸಿ ಕತ್ತರಿಸಿ ಕೊನೆಗೆ ಉಳಿದದ್ದು ಇಷ್ಟು:

"ನಮಸ್ಕಾರ ಸರ್. ಬಳ್ಳಾರಿಯಲ್ಲಿ ನಮ್ಮದು ರಿವೈಂಡಿಂಗ್ ಅಂಗಡಿ. ಮೂರು ವರ್ಷದಿಂದ 5 ರಿಂದ 60 ಎಚ್‌ಪಿವರೆಗಿನ ಮೋಟರ್ ಬಿಚ್ಚಿ ಕಟ್ಟುತ್ತಿದ್ದೇನೆ. ನಿಮ್ಮ ಪ್ಲಾಂಟಲ್ಲಿ ಯಾವ ಮೋಟರ್ ಜಾಸ್ತಿ ಸುಡುತ್ತೆ ಸರ್?"

ಕೊನೆಯ ಪ್ರಶ್ನೆ ಇಲ್ಲದಿದ್ದರೆ ಉಳಿದ ಮೂರು ವಾಕ್ಯಕ್ಕೆ "ಹೌದಾ, ಒಳ್ಳೇದು" ಅನ್ನುವ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಪ್ರಶ್ನೆ ಕೇಳಿದರೆ ಅವರ ತಲೆಗೆ ಒಂದು ಮೋಟರ್ ಬಂದೇ ಬರುತ್ತದೆ. ಸುಡದ ಮೋಟರ್ ಇರುವ ಪ್ಲಾಂಟ್ ಎಲ್ಲಿದೆ ಹೇಳಿ.

ಹೊತ್ತನ್ನೂ ಬದಲಾಯಿಸಿದೆ. ಬೆಳಗ್ಗೆ ಉದ್ಘಾಟನೆ, ಭಾಷಣ, ಆಮೇಲೆ ಒಮ್ಮೆಲೇ ನೂಕುನುಗ್ಗಲು. ಆಗ ಎಚ್‌ಆರ್ ಕೆಲಸ ಮಾತ್ರ ಮುಗಿಸಿಕೊಂಡೆ, ಅದೂ ನಾಲ್ಕೇ ಟೇಬಲ್‌ನಲ್ಲಿ. ಮಧ್ಯಾಹ್ನ ಎರಡೂವರೆ ಮೇಲೆ ಹಾಲ್ ಖಾಲಿ ಆಗುತ್ತದೆ. ಬಳ್ಳಾರಿ ಬಿಸಿಲು ಅರ್ಧ ಜನರನ್ನು ಮನೆಗೆ ಓಡಿಸಿರುತ್ತದೆ. ಊಟ ಮಾಡಿ ಬಂದ ಹಿಂದಿನ ಕುರ್ಚಿಯವರಿಗೆ ತೂಕಡಿಕೆ, ಬೇಜಾರು. ಮಾತಾಡಿಸಲು ಅದೇ ಸರಿಯಾದ ಹೊತ್ತು.

ಕೊಪ್ಪಳ ಕಡೆಯ ಒಂದು ಸ್ಪಾಂಜ್ ಐರನ್ ಪ್ಲಾಂಟಿನ ಟೇಬಲ್. ಹಿಂದೆ ಕೂತವರು ಐವತ್ತರ ಆಸುಪಾಸಿನ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಇನ್‌ಚಾರ್ಜ್. ನನ್ನ ನಾಲ್ಕು ವಾಕ್ಯ ಹೇಳಿದೆ. ಅವರು ಫೋನ್ ಕೆಳಗಿಟ್ಟರು.

"ಒಂದು ಕನ್ವೇಯರ್ ಮೋಟರ್ ಐತಮ್ಮ, 20 ಎಚ್‌ಪಿ. ಆರು ತಿಂಗಳಲ್ಲಿ ಮೂರು ಸಲ ಸುಟ್ಟೈತೆ. ರಿವೈಂಡಿಂಗ್ ಮಾಡೋರು ಸರಿಯಾಗಿ ಮಾಡ್ತಿಲ್ಲ."

ನಮ್ಮ ಕಸುಬಿನವರ ಮೇಲೆ ಬಂದ ಮಾತು. ಆದರೂ ಜಗಳಕ್ಕೆ ಹೋಗಲಿಲ್ಲ. "ಸುಟ್ಟಾಗ ಒಳಗೆ ಎಲ್ಲ ಕಾಯಿಲೂ ಕಪ್ಪಾಗಿತ್ತಾ ಸರ್, ಅಥವಾ ಬಿಟ್ಟು ಬಿಟ್ಟು ಕಪ್ಪಾಗಿತ್ತಾ?" ಅಂತ ಕೇಳಿದೆ.

ಅವರಿಗೆ ನೆನಪಿರಲಿಲ್ಲ. ಇರೋದೂ ಇಲ್ಲ. ಮೋಟರ್ ಬಿಚ್ಚುವುದು ಅಂಗಡಿಯವನು, ಪ್ಲಾಂಟಿಗೆ ವಾಪಸ್ ಹೋಗುವಾಗ ಅದು ಹೊಸ ತಂತಿಯಲ್ಲಿ ಮಿರಮಿರ ಅನ್ನುತ್ತಿರುತ್ತದೆ. ಏಕೆ ಸುಟ್ಟಿತು ಅನ್ನುವ ಸಾಕ್ಷಿ ನಮ್ಮಂಥವರ ಗುಜರಿ ಮೂಲೆಯಲ್ಲೇ ಉಳಿಯುತ್ತದೆ.

"ನನ್ನ ಹತ್ತಿರ ಮೂರು ಥರ ಸುಟ್ಟ ಮೋಟರಿನ ಫೋಟೋ ಇವೆ ಸರ್. ನಾಳೆ ಕಳಿಸ್ತೀನಿ. ಮುಂದಿನ ಸಲ ಸುಟ್ಟಾಗ ಹೋಲಿಸಿ ನೋಡಬಹುದು." ಅವರು ನಂಬರ್ ಕೊಟ್ಟರು. ನಾನು ಕೆಲಸದ ಮಾತೇ ಎತ್ತಲಿಲ್ಲ, ರೆಸ್ಯೂಮೆ ಹೇಗೂ ಎಚ್‌ಆರ್ ಹತ್ತಿರ ಇತ್ತು. ಒಟ್ಟು ಆರೇಳು ನಿಮಿಷದ ಮಾತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಅವರ ಪ್ಲಾಂಟಿನ ಕರಪತ್ರದ ಹಿಂದೆ ಬರೆದುಕೊಂಡೆ: 20 ಎಚ್‌ಪಿ, ಕನ್ವೇಯರ್, ಆರು ತಿಂಗಳಲ್ಲಿ ಮೂರು ಸಲ, ನಾಳೆ ಫೋಟೋ. ಇದನ್ನು ಆಗಲೇ ಬರೆಯದಿದ್ದರೆ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ 20 ಹೋಗಿ 30 ಆಗಿರುತ್ತದೆ.

ಮರುದಿನ ಯಾವಾಗ ಕಳಿಸಬೇಕು ಅನ್ನೋದೇ ದೊಡ್ಡ ಯೋಚನೆ ಆಯಿತು. ಪ್ಲಾಂಟುಗಳಲ್ಲಿ ಬೆಳಗ್ಗೆ ಮೀಟಿಂಗ್, ಆಮೇಲೆ ರೌಂಡ್ಸ್. ಸಂಜೆ ಮೇಲೆ ಗುರುತಿಲ್ಲದ ಗಂಡಸರಿಗೆ ವಾಟ್ಸಾಪ್ ಕಳಿಸೋದು ನನಗೆ ಸರಿ ಅನ್ನಿಸಲಿಲ್ಲ, ಮನೆಯಲ್ಲೂ ಒಪ್ಪುವುದಿಲ್ಲ. ಹಾಗಾಗಿ ಅಂಗಡಿಯ ನಂಬರಿನಿಂದ, ಮಧ್ಯಾಹ್ನ ಊಟದ ಹೊತ್ತಿಗೆ ಕಳಿಸಿದೆ. ಅಂಗಡಿಯ ನಂಬರ್ ಆದ್ದರಿಂದ ಪ್ರೊಫೈಲ್‌ನಲ್ಲಿ ಅಂಗಡಿಯ ಬೋರ್ಡ್ ಕಾಣುತ್ತದೆ, ಯಾರು ಅಂತ ಹೇಳುವ ಕೆಲಸ ಅರ್ಧ ಮುಗಿದಂತೆ. ಹುಡುಗಿಯರಿಗೆ ಈ ಕಿವಿಮಾತನ್ನು ಯಾರೂ ಹೇಳಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೆಸೇಜ್ ಹೀಗಿತ್ತು:

"ನಮಸ್ಕಾರ ಸರ್. ನಿನ್ನೆ ಮೇಳದಲ್ಲಿ ನಿಮ್ಮ 20 ಎಚ್‌ಪಿ ಕನ್ವೇಯರ್ ಮೋಟರ್ ಬಗ್ಗೆ ಮಾತಾಡಿದ ರಿವೈಂಡಿಂಗ್ ಅಂಗಡಿಯ ಹುಡುಗಿ. ಹೇಳಿದ ಫೋಟೋ ಕಳಿಸಿದ್ದೇನೆ. ಒಂದು: ಎಲ್ಲ ಕಾಯಿಲ್ ಸಮನಾಗಿ ಕಪ್ಪು. ಓವರ್‌ಲೋಡ್. ಎರಡು: ಸುತ್ತಲೂ ಬಿಟ್ಟು ಬಿಟ್ಟು ಕಪ್ಪು. ಒಂದು ಫೇಸ್ ತಪ್ಪಿ ಓಡಿದೆ. ಮೂರು: ಒಂದೇ ಜಾಗದಲ್ಲಿ ತಾಮ್ರ ಕರಗಿದೆ, ಉಳಿದದ್ದು ಚೆನ್ನಾಗಿದೆ. ಇದು ಇನ್ಸುಲೇಷನ್ ಹೋಗಿ ಆದ ಶಾರ್ಟ್. ಉತ್ತರ ಕಳಿಸಬೇಕಿಲ್ಲ ಸರ್, ಇಟ್ಟುಕೊಂಡಿರಿ."

ಎರಡನೇ ಫೋಟೋ ಬಗ್ಗೆ ಸ್ವಲ್ಪ ಹೇಳಬೇಕು. ಮೋಟರಿನ ಕಾಯಿಲ್ ಜೋಡಿಸುವುದು ಎರಡು ಥರ, ಸ್ಟಾರ್ ಮತ್ತು ಡೆಲ್ಟಾ. ಮೂರು ಫೇಸಿನಲ್ಲಿ ಒಂದು ತಪ್ಪಿದಾಗ, ಸ್ಟಾರ್ ಕನೆಕ್ಷನ್ ಇರುವ ಮೋಟರಿನಲ್ಲಿ ಎರಡು ಫೇಸಿನ ಕಾಯಿಲ್ ಸುಟ್ಟು ಒಂದು ಉಳಿಯುತ್ತದೆ. ಡೆಲ್ಟಾ ಇದ್ದರೆ ಒಂದು ಸುಟ್ಟು ಎರಡು ಉಳಿಯುತ್ತವೆ. ಅದಕ್ಕೇ ಬಿಟ್ಟು ಬಿಟ್ಟು ಕಪ್ಪಾಗಿ ಕಾಣೋದು. ಇಷ್ಟನ್ನೂ ಮೆಸೇಜಿನಲ್ಲಿ ತುಂಬಬೇಕು ಅಂತ ಕೈ ಕಡಿಯುತ್ತಿತ್ತು. ತುಂಬಿದ್ದರೆ ಅವರು ಓದುತ್ತಿರಲಿಲ್ಲ.

ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಮತ್ತೆ ಕಳಿಸಲಿಲ್ಲ.

ಹನ್ನೊಂದನೇ ದಿನ ಅವರಿಂದಲೇ ಒಂದು ಫೋಟೋ ಬಂತು. ಅದೇ ಮೋಟರ್ ನಾಲ್ಕನೇ ಸಲ ಸುಟ್ಟಿತ್ತು. ಈ ಸಲ ಅವರು ಅಂಗಡಿಗೆ ಹೋಗಿ ಎದುರಿಗೇ ಬಿಚ್ಚಿಸಿದ್ದರು. ಎಲ್ಲ ಕಾಯಿಲೂ ಸಮನಾಗಿ ಕಪ್ಪು. ಕೆಳಗೆ ಒಂದೇ ಸಾಲು: "ನಿನ್ನ ಒಂದನೇ ಫೋಟೋ."

ಓವರ್‌ಲೋಡ್ ಆದರೆ, ಕರೆಂಟ್ ಜಾಸ್ತಿಯಾದಾಗ ಮೋಟರ್ ನಿಲ್ಲಿಸುವ ರಿಲೇ ಟ್ರಿಪ್ ಆಗಬೇಕಿತ್ತು, ಯಾಕೆ ಆಗಲಿಲ್ಲ? ಸ್ಟಾರ್ಟರ್ ಯಾವುದು, ರಿಲೇ ಎಷ್ಟಕ್ಕೆ ಇಟ್ಟಿದೆ ಅಂತ ಕೇಳಿದೆ. ಸ್ಟಾರ್ ಡೆಲ್ಟಾ ಸ್ಟಾರ್ಟರ್, ರಿಲೇ 27 ಆಂಪಿಯರ್‌ಗೆ ಇದೆ, ಮೋಟರಿನ ಮೇಲಿನ ಪ್ಲೇಟಿನಲ್ಲೂ 27 ಅಂತಲೇ ಇದೆ, ಸರಿಯಾಗೇ ಇದೆಯಲ್ಲ ಅಂದರು.

ಇದು ನಮ್ಮ ಅಂಗಡಿಗೆ ಹಳೇ ಪರಿಚಯದ ತಪ್ಪು. ಸ್ಟಾರ್ ಡೆಲ್ಟಾ ಸ್ಟಾರ್ಟರ್ ಮೋಟರನ್ನು ಸ್ಟಾರಿನಲ್ಲಿ ಶುರು ಮಾಡಿ ಡೆಲ್ಟಾದಲ್ಲಿ ಓಡಿಸುತ್ತದೆ. ಅದರಲ್ಲಿ ರಿಲೇಯನ್ನು ಸಾಮಾನ್ಯವಾಗಿ ಮೇನ್ ಕಾಂಟ್ಯಾಕ್ಟರ್ ಅನ್ನುವ ಮುಖ್ಯ ಸ್ವಿಚ್ಚಿನ ಕೆಳಗೆ, ಮೋಟರಿಗೆ ಹೋಗುವ ವೈಂಡಿಂಗ್ ದಾರಿಯಲ್ಲಿ ಕೂರಿಸಿರುತ್ತಾರೆ. ಡೆಲ್ಟಾದಲ್ಲಿ ಓಡುವಾಗ ಆ ದಾರಿಯಲ್ಲಿ ಪೂರ್ತಿ ಕರೆಂಟ್ ಹರಿಯುವುದಿಲ್ಲ, ಅದರ ಶೇಕಡಾ 58ರಷ್ಟೇ ಹರಿಯುತ್ತದೆ. 27ಕ್ಕೆ ಸುಮಾರು 16. ಅಲ್ಲಿ ರಿಲೇ 27ಕ್ಕೆ ಇಟ್ಟರೆ ಮೋಟರ್ ಹೊರಗಿನಿಂದ 46 ಆಂಪಿಯರ್ ಎಳೆದರೂ ರಿಲೇಗೆ ಎಲ್ಲ ಸರಿಯಾಗೇ ಕಾಣುತ್ತದೆ. ಮೋಟರ್ ಸುಟ್ಟ ಮೇಲೂ ಅದು ಟ್ರಿಪ್ ಆಗಿರುವುದಿಲ್ಲ. ಬೈಗುಳ ರಿವೈಂಡಿಂಗ್‌ನವನಿಗೆ.

ಆದರೆ ನಾನು ಪ್ಯಾನೆಲ್ ನೋಡಿರಲಿಲ್ಲ. ಹಾಗಾಗಿ ಹೀಗೇ ಅಂತ ಹೇಳಲಿಲ್ಲ. "ರಿಲೇ ಎಲ್ಲಿ ಕೂತಿದೆ ನೋಡಿ ಸರ್. ಒಳಗೆ ಬರುವ ಲೈನಿನಲ್ಲೇ ಇದ್ದರೆ 27 ಸರಿ. ಮೇನ್ ಕಾಂಟ್ಯಾಕ್ಟರಿನಿಂದ ಮೋಟರಿಗೆ ಹೋಗುವ ದಾರಿಯಲ್ಲಿ ಇದ್ದರೆ 16 ಇರಬೇಕು" ಅಂತ ಬರೆದೆ. ನೋಡಿದರು. ಎರಡನೆಯದೇ ಆಗಿತ್ತು. ಹಾಕಿದ್ದ ರಿಲೇ 20 ರಿಂದ 33ರ ರೇಂಜಿನದು, 16ಕ್ಕೆ ಇಳಿಯುವಂತೆಯೇ ಇರಲಿಲ್ಲ. ಯಾರೋ ಪ್ಲೇಟ್ ನೋಡಿ ಅಂಗಡಿಯಿಂದ ತಂದಿದ್ದರು. 14 ರಿಂದ 23ರದ್ದು ತಂದು ಹಾಕಿಸಿದರು.

ಅಲ್ಲಿಗೆ ಶಾಭಾಸ್ ಅನ್ನಿಸಿಕೊಳ್ಳುತ್ತೇನೆ ಅಂದುಕೊಂಡಿದ್ದೆ. ಮೂರನೇ ದಿನ ಫೋನ್ ಬಂತು. "ಏನಮ್ಮ, ನಿನ್ನ ಮಾತು ಕೇಳಿ ದಿನಾ ಮಧ್ಯಾಹ್ನ ಕನ್ವೇಯರ್ ನಿಲ್ತೈತೆ. ಪ್ರೊಡಕ್ಷನ್‌ನೋರು ನನ್ನ ತಲೆ ತಿಂತಾರೆ." ನನಗೆ ಕೈಕಾಲು ತಣ್ಣಗಾದವು. ಅಪ್ಪ ಪಕ್ಕದಲ್ಲಿದ್ದರು, ಫೋನ್ ಇಸಿದುಕೊಳ್ಳಲಿಲ್ಲ. "ಕರೆಂಟ್ ಎಷ್ಟು ಎಳೀತೈತೆ ಕೇಳು" ಅಂದರು ಅಷ್ಟೇ. ಕ್ಲ್ಯಾಂಪ್ ಮೀಟರ್ ಹಾಕಿಸಿದರು. ಒಳಗೆ ಬರುವ ಲೈನಿನಲ್ಲಿ 27 ಇರಬೇಕಾದದ್ದು 34 ತೋರಿಸಿತು. ಅಂದರೆ ರಿಲೇ ತನ್ನ ಕೆಲಸ ಮಾಡುತ್ತಿತ್ತು. ಎರಡು ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಬೆಲ್ಟಿನ ಕೆಳಗಿನ ಐಡ್ಲರ್ ರೋಲರ್‌ಗಳಲ್ಲಿ ಕೆಲವು ಧೂಳು ಕಟ್ಟಿ ತಿರುಗುವುದನ್ನೇ ಬಿಟ್ಟಿದ್ದವು, ಬೆಲ್ಟ್ ಅವುಗಳ ಮೇಲೆ ಉಜ್ಜಿಕೊಂಡು ಹೋಗುತ್ತಿತ್ತು. ಎಲೆಕ್ಟ್ರಿಕಲ್‌ನವರು ನಾಲ್ಕು ಸಲ ಮೋಟರ್ ಕಟ್ಟಿಸಿದ್ದು ಮೆಕ್ಯಾನಿಕಲ್ ತಪ್ಪಿಗೆ. ಇದು ಗೊತ್ತಾದ ದಿನ ಅವರ ದನಿಯಲ್ಲಿ ಇದ್ದ ಖುಷಿಗೆ ಅರ್ಧ ಕಾರಣ ಅದೇ ಇರಬೇಕು.

ಕೆಲಸ ಕೊಡಲಿಲ್ಲ. ಅವರ ಕೈಯಲ್ಲಿ ಇರಲೂ ಇಲ್ಲ, ಅಲ್ಲಿ ಹೊಸಬರನ್ನು ಕಂಟ್ರಾಕ್ಟರ್ ಮೂಲಕ ತೆಗೆದುಕೊಳ್ಳುತ್ತಿದ್ದರು. ಆದರೆ ಒಂದು ತಿಂಗಳಾದ ಮೇಲೆ ಅವರೇ ಹೇಳಿದರು, ಸ್ವಿಚ್‌ಗೇರ್ ಕಂಪನಿಯವರು ಬಳ್ಳಾರಿಯ ಹೋಟೆಲೊಂದರಲ್ಲಿ ಎಲೆಕ್ಟ್ರಿಕಲ್ ಮೀಟ್ ಇಟ್ಟಿದ್ದಾರೆ, ಬಾ ಅಂತ.

ಈ ಮೀಟ್‌ಗಳು ಹೇಗಿರುತ್ತವೆ ಅಂದರೆ, ಮೊದಲು ಒಂದು ಗಂಟೆ ಹೊಸ ಬ್ರೇಕರ್‌ಗಳ ಸ್ಲೈಡ್, ಆಮೇಲೆ ಊಟ. ಕಂಟ್ರಾಕ್ಟರುಗಳು, ಪ್ಯಾನೆಲ್ ಕಟ್ಟುವವರು, ಪ್ಲಾಂಟಿನವರು, ಅಂಗಡಿಯವರು ಎಲ್ಲ ಬರುತ್ತಾರೆ. ಸ್ಲೈಡ್ ನಡೆಯುವಾಗ ಹಿಂದೆ ಕೂತು ಮಾತಾಡುವವರು ಊಟಕ್ಕೆ ಮೊದಲು ಓಡುತ್ತಾರೆ. ಮಾತಿಗೆ ಸಿಗುವುದು ಊಟ ಮುಗಿಸಿ ತಟ್ಟೆ ಇಟ್ಟ ಮೇಲೆ, ಐಸ್‌ಕ್ರೀಂ ಹತ್ತಿರ. ತಟ್ಟೆ ಕೈಯಲ್ಲಿರುವವರನ್ನು ಪರಿಚಯ ಮಾಡಿಕೊಳ್ಳಲು ಹೋಗಬಾರದು. ಅವರಿಗೆ ನಮಸ್ಕಾರಕ್ಕೂ ಕೈ ಇರುವುದಿಲ್ಲ, ನಂಬರ್ ಬರೆದುಕೊಳ್ಳಲೂ ಇರುವುದಿಲ್ಲ.

ಅಲ್ಲಿ ನಾನು ಎರಡು ತಪ್ಪು ಮಾಡಿದೆ.

ಒಂದು, ನನ್ನ ರಿಲೇ ಕಥೆಯನ್ನು ಹುಮ್ಮಸ್ಸಿನಲ್ಲಿ ನಾಲ್ಕು ಜನರ ಮುಂದೆ ಹೇಳಿಬಿಟ್ಟೆ. ಪ್ಲಾಂಟಿನ ಹೆಸರು ಹೇಳಲಿಲ್ಲ, ಆದರೆ ಊರಿನ ಕಡೆ ಯಾವುದು, ಕನ್ವೇಯರ್ ಎಷ್ಟು ಎಚ್‌ಪಿ ಎಲ್ಲ ಹೇಳಿದೆ. ಒಬ್ಬ ಕಂಟ್ರಾಕ್ಟರ್ ನಕ್ಕು, "ಓ, ಅವರಾ?" ಅಂದರು. ಸ್ವಲ್ಪ ದೂರದಲ್ಲೇ ಆ ಪ್ಲಾಂಟಿನ ಇನ್‌ಚಾರ್ಜ್ ನಿಂತಿದ್ದರು. ಏನೂ ಅನ್ನಲಿಲ್ಲ, ಬೇಗ ಹೊರಟುಬಿಟ್ಟರು. ಮರುದಿನ ಫೋನ್ ಮಾಡಿ ತಪ್ಪಾಯ್ತು ಸರ್ ಅಂದೆ. "ನಮ್ಮನೆ ಮಾತು ಬೀದಿಗೆ ಬರಬಾರ್ದಮ್ಮ" ಅಂದರು. ಈಗ ಅದೇ ಕಥೆಯನ್ನು "ಒಂದು ಕಡೆ ಒಂದು ಮೋಟರ್" ಅಂತ ಹೇಳುತ್ತೇನೆ. ಎಚ್‌ಪಿ ಕೂಡ ಬದಲಿಸಿ ಹೇಳುತ್ತೇನೆ, ಲೆಕ್ಕ ಹೇಗೂ 58ರದ್ದೇ.

ಎರಡು, ಆ ರಾತ್ರಿ 14 ನಂಬರ್ ಸಿಕ್ಕಿದ್ದವು. ಮರುದಿನ ಎಲ್ಲರಿಗೂ ಒಂದೇ ಮೆಸೇಜ್ ಬರೆದು, ರೆಸ್ಯೂಮೆ ಸೇರಿಸಿ ಕಳಿಸಿದೆ. ಮೂವರು "ಯಾರು?" ಅಂತ ಕೇಳಿದರು. ಒಬ್ಬರು ಬ್ಲಾಕ್ ಮಾಡಿದರು. ಉಳಿದವರದ್ದು ಮೌನ. ಮೊದಲ ಮೇಳದ 23 ಜೆರಾಕ್ಸನ್ನೇ ಈ ಸಲ ವಾಟ್ಸಾಪಿನಲ್ಲಿ ಹಂಚಿದ್ದೆ, ಅಷ್ಟೇ ವ್ಯತ್ಯಾಸ. ಆ 14ರಲ್ಲಿ ನಾನು ಏನಾದರೂ ಕಳಿಸುತ್ತೇನೆ ಅಂತ ಮಾತು ಕೊಟ್ಟಿದ್ದು ಇಬ್ಬರಿಗೆ ಮಾತ್ರ. ಆ ಇಬ್ಬರಿಗೂ ಕೊಟ್ಟ ಮಾತಿನ ಬದಲು ರೆಸ್ಯೂಮೆ ಹೋಗಿತ್ತು!

ಅದರಲ್ಲಿ ಒಬ್ಬರು ಹೊಸಪೇಟೆಯ ಪ್ಯಾನೆಲ್ ಬಿಲ್ಡರ್. ಊಟದ ಹೊತ್ತಿನಲ್ಲಿ ಅವರಿಗೆ ಬೇರೆ ಬೇರೆ ಎಚ್‌ಪಿಗೆ ರಿಲೇ ರೇಂಜ್ ಯಾವುದು ಅಂತ ಒಂದು ಪಟ್ಟಿ ಕೊಡುತ್ತೇನೆ ಅಂದಿದ್ದೆ, ಅವರ ಹುಡುಗರು ಇದೇ ತಪ್ಪು ಮಾಡುತ್ತಾರಂತೆ. ಎರಡು ದಿನ ಕೂತು ಪಟ್ಟಿ ಮಾಡಿದೆ. ಎಡಗಡೆ ಮೋಟರಿನ ಕರೆಂಟ್, ಬಲಗಡೆ ನೇರ ಸ್ಟಾರ್ಟರ್ ಆದರೆ ಎಷ್ಟು, ಸ್ಟಾರ್ ಡೆಲ್ಟಾ ಆದರೆ ಎಷ್ಟು. ಮೇಲೆ ದಪ್ಪಕ್ಷರದಲ್ಲಿ, "ಪ್ಲೇಟಿನಲ್ಲಿರುವ ಕರೆಂಟೇ ಕೊನೆಯ ಮಾತು, ಎಚ್‌ಪಿ ಅಂದಾಜು ಮಾತ್ರ" ಅಂತ. ಮೊದಲಿನ ಮೆಸೇಜಿಗೆ ಕ್ಷಮೆ ಕೇಳಿ ಅದನ್ನು ಕಳಿಸಿದೆ. ಅವರು ಅದನ್ನು ಪ್ರಿಂಟ್ ಮಾಡಿ ವರ್ಕ್‌ಶಾಪಿನ ಗೋಡೆಗೆ ಅಂಟಿಸಿ, ಫೋಟೋ ತೆಗೆದು ಕಳಿಸಿದರು. ಮೂರು ವಾರದ ನಂತರ, ಪ್ಯಾನೆಲ್ ಟೆಸ್ಟಿಂಗಿಗೆ ಒಬ್ಬರು ಬೇಕು, ಬಂದು ನೋಡ್ತೀಯಾ ಅಂತ ಕೇಳಿದರು. ಹೋದೆ. ಸಂಬಳ ಏನೂ ಬಹಳ ಇರಲಿಲ್ಲ, ಈಗಲೂ ಬಹಳ ಇಲ್ಲ. ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ, ಭಾನುವಾರ ಅಂಗಡಿ.

ಇದನ್ನು ಓದಿ ಮೇಳಕ್ಕೆ ಹೋದರೆ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ನನ್ನ ಹತ್ತಿರ ಸುಟ್ಟ ಮೋಟರುಗಳ ಫೋಟೋ ಇದ್ದವು, ಯಾಕೆಂದರೆ ಅಪ್ಪನ ಗಿರಾಕಿಗಳು ದುಡ್ಡು ಕೊಡುವಾಗ ಜಗಳ ತೆಗೆಯುತ್ತಾರೆ, ಅದಕ್ಕೆ ಸಾಕ್ಷಿ ಅಂತ ತೆಗೆದಿಟ್ಟಿದ್ದೆವು. ನನ್ನ ಗೆಳತಿ ಒಬ್ಬಳು ಅಕೌಂಟ್ಸ್ ಓದಿದವಳು, "ನಾನು ಏನು ಕಳಿಸಲಿ, ಸುಟ್ಟ ಲೆಡ್ಜರಾ?" ಅಂತ ಕೇಳಿದಳು. ಅವಳು ಮೊದಲು ಅಕ್ಕಿ ಗಿರಣಿಯೊಂದರಲ್ಲಿ ಬಿಲ್ ಬರೆಯುತ್ತಿದ್ದಳು. ಗಿರಣಿಯವರು ಜಿಎಸ್‌ಟಿಯಲ್ಲಿ ಪದೇ ಪದೇ ಎಡವುವ ಜಾಗ ಯಾವುದು ಅಂತ ಅವಳಿಗೆ ಗೊತ್ತಿದೆ. ಅದನ್ನೇ ಪ್ರಶ್ನೆ ಮಾಡು ಅಂದೆ. ಮಾಡಿದಳೋ ಇಲ್ಲವೋ ಇನ್ನೂ ಹೇಳಿಲ್ಲ.

ಕರಪತ್ರದ ಹಿಂದೆ ಬರೆಯುವುದನ್ನು ಬಿಟ್ಟು ಈಗ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಸಾಲಿಗೆ ಒಬ್ಬರು: ಎಲ್ಲಿ ಸಿಕ್ಕರು, ಏನು ತೊಂದರೆ ಹೇಳಿದರು, ನಾನು ಏನು ಕಳಿಸುತ್ತೇನೆ ಅಂದೆ, ಕಳಿಸಿದೆನಾ. ಕೊನೆಯದಕ್ಕೆ ಟಿಕ್ ಹಾಕುತ್ತೇನೆ. ಮಾತು ಕೊಡದವರ ಹೆಸರು ಬರೆಯುವುದೇ ಇಲ್ಲ. ಹೋದ ವಾರದ ಸಾಲೊಂದಕ್ಕೆ ಟಿಕ್ ಬಿದ್ದಿಲ್ಲ. ಗಂಗಾವತಿಯ ಗಿರಣಿಯವರು ಬೇರಿಂಗಿಗೆ ಗ್ರೀಸ್ ಎಷ್ಟು ಹಾಕಬೇಕು ಅಂತ ಕೇಳಿದ್ದರು, ಅವರ ಹುಡುಗರು ತುಂಬಿ ತುಳುಕುವಷ್ಟು ಹಾಕುತ್ತಾರಂತೆ. ಗ್ರೀಸ್ ಜಾಸ್ತಿಯಾಗಿ ಬಿಸಿಯೇರಿ ಹೋದ ಬೇರಿಂಗ್ ಒಂದು ಅಂಗಡಿಯಲ್ಲಿ ಎಲ್ಲೋ ಇರಬೇಕು. ಭಾನುವಾರ ಹುಡುಕಿ ಫೋಟೋ ತೆಗೆಯಬೇಕು.